ನಾಮಪದ ಮೊದಲೋ, ಕ್ರಿಯಾಪದ ಮೊದಲೋ: ಯಾವ ಪರೀಕ್ಷೆಯನ್ನು ಎಷ್ಟು ನಂಬಬೇಕು?

‘ಅವಳ ನಗು ಚೆನ್ನಾಗಿದೆ’ ಎಂದರೆ ನಗು ನಾಮಪದ. ‘ಸ್ವಲ್ಪ ನಗು’ ಎಂದರೆ ಅದೇ ನಗು ಕ್ರಿಯಾಪದ. ಪದಕ್ಕೆ ಏನೂ ಸೇರಲಿಲ್ಲ, ಏನೂ ಕಳೆಯಲಿಲ್ಲ, ಕೆಲಸ ಮಾತ್ರ ಬದಲಾಯಿತು. ಭಾಷಾವಿಜ್ಞಾನದಲ್ಲಿ ಇದಕ್ಕೆ ಕನ್ವರ್ಷನ್ ಎನ್ನುತ್ತಾರೆ. ಇದನ್ನೇ ಶೂನ್ಯ ಪ್ರತ್ಯಯ ಎಂದು ವಿವರಿಸುವವರೂ ಇದ್ದಾರೆ. ನೋಡು ಎಂಬುದರಿಂದ ನೋಟ, ಓಡು ಎಂಬುದರಿಂದ ಓಟ ಆಗುವಾಗ ಒಂದು ಪ್ರತ್ಯಯ ಕಣ್ಣಿಗೆ ಕಾಣುತ್ತದೆ, ನಗು ಎಂಬಲ್ಲಿ ಅದೇ ಕೆಲಸ ಮಾಡುವ ಪ್ರತ್ಯಯವಿದೆ ಆದರೆ ಕಾಣುವುದಿಲ್ಲ ಎಂಬುದು ಅವರ ವಾದ.

ಈ ಎರಡು ಹೆಸರುಗಳ ಜಗಳದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಒಂದು ಮಾತು ಮಾತ್ರ. ಕಾಣದ ಪ್ರತ್ಯಯ ಇದೆ ಎನ್ನಬೇಕಾದರೆ, ಅದೇ ಅರ್ಥ ಕೊಡುವ ಕಾಣುವ ಪ್ರತ್ಯಯ ಬೇರೆ ಕಡೆ ಇರಬೇಕು. ನಗು, ಅಳು, ಕೂಗು ಇವಕ್ಕೆ ಓಟ, ನೋಟಗಳ ಜೊತೆ ಇದೆ, ಹಾಗಾಗಿ ವಾದ ನಿಲ್ಲುತ್ತದೆ. ಇಂಗ್ಲಿಷ್‌ನಲ್ಲಿ ನಾಮಪದ ಕ್ರಿಯಾಪದವಾಗುವ ಕಡೆ ಅಷ್ಟು ಸುಲಭವಿಲ್ಲ. ಅಲ್ಲಿ ಡಸ್ಟ್ ಎಂಬ ಕ್ರಿಯಾಪದಕ್ಕೆ ಧೂಳು ಒರೆಸು ಎಂಬ ಅರ್ಥವೂ ಇದೆ, ಪುಡಿ ಉದುರಿಸು ಎಂಬ ಅರ್ಥವೂ ಇದೆ. ತೆಗೆಯುವುದು, ಹಾಕುವುದು ಎರಡನ್ನೂ ಒಂದೇ ಕಾಣದ ಪ್ರತ್ಯಯ ಹೇಳುತ್ತದೆ ಎಂದರೆ ನಂಬುವುದು ಕಷ್ಟ.

ನಿಜವಾದ ತಲೆನೋವು ಬೇರೆ. ಪ್ರೀತಿ–ಪ್ರೀತಿಸು ಜೋಡಿಯಲ್ಲಿ ‘ಇಸು’ ಸೇರಿದ್ದು ಕಾಣುತ್ತದೆ, ಹಾಗಾಗಿ ಯಾವುದು ಮೂಲ, ಯಾವುದು ಸಾಧಿತ ಎಂದು ಯಾರೂ ಕೇಳುವುದಿಲ್ಲ. ನಗು–ನಗು ಜೋಡಿಯಲ್ಲಿ ಬಾಣ ಯಾವ ಕಡೆಗೆ ಹಾಕಬೇಕು? ಇದಕ್ಕೆ ಪುಸ್ತಕಗಳಲ್ಲಿ ಐದಾರು ಪರೀಕ್ಷೆಗಳು ಸಿಗುತ್ತವೆ. ಎಲ್ಲವನ್ನೂ ಸಮಾನ ತೂಕದಲ್ಲಿ ಹಾಕಿ, ಜಾಸ್ತಿ ವೋಟು ಬಿದ್ದ ಕಡೆಗೆ ಬಾಣ ತಿರುಗಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಕೆಲವು ಪರೀಕ್ಷೆಗಳು ‘ಹೌದು’ ಎಂದಾಗ ಮಾತ್ರ ನಂಬಬಹುದು, ‘ಇಲ್ಲ’ ಎಂದರೆ ಏನೂ ಹೇಳಿದಂತಲ್ಲ. ಕೆಲವು ಬೇರೆಯದೇ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಮೊದಲು ಜೋಡಿ ನಿಜವಾಗಿ ಜೋಡಿಯೇ ನೋಡಿ

ಅರಸು ಎಂದರೆ ರಾಜ, ಅರಸು ಎಂದರೆ ಹುಡುಕು. ಹತ್ತು ಎಂದರೆ ಸಂಖ್ಯೆ, ಹತ್ತು ಎಂದರೆ ಏರು. ಇವು ಕನ್ವರ್ಷನ್ ಅಲ್ಲ, ಸುಮ್ನೆ ಒಂದೇ ಉಚ್ಚಾರ ಹೊಂದಿದ ಬೇರೆ ಬೇರೆ ಪದಗಳು. ಒಂದರ ಅರ್ಥ ಹೇಳಲು ಇನ್ನೊಂದು ಯಾವ ರೀತಿಯಲ್ಲೂ ಬೇಕಾಗದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಉಳಿ ಎಂಬ ಉಪಕರಣಕ್ಕೂ ಉಳಿ ಎಂಬ ಕ್ರಿಯಾಪದಕ್ಕೂ ನಂಟು ಕಟ್ಟಲು ಹೊರಟರೆ ಕಥೆ ಹೆಣೆಯಬಹುದು, ವ್ಯಾಕರಣ ಬರೆಯಲಾಗದು.

ಅಗ್ಗದ, ಆದರೆ ಗಟ್ಟಿಯಾದ ಪರೀಕ್ಷೆ: ಪದದ ಒಳಗೇ ಇರುವ ಗುರುತು

ಇಂಗ್ಲಿಷ್ ಜೋಡಿಗಳಿಗೆ ನಾನು ಮೊದಲು ಹಾಕುವುದು ಇದನ್ನೇ. ಪೊಸಿಷನ್ ಎಂಬ ಪದ ಕ್ರಿಯಾಪದವಾಗಿಯೂ ಬಳಕೆಯಲ್ಲಿದೆ. ಆದರೆ ಅದರ ಕೊನೆಯಲ್ಲಿ ಕುಳಿತಿರುವುದು ನಾಮಪದ ಮಾಡುವ ಪ್ರತ್ಯಯ. ಕ್ರಿಯಾಪದವೇ ಮೊದಲು ಹುಟ್ಟಿದ್ದರೆ ಆ ಪ್ರತ್ಯಯಕ್ಕೆ ಅಲ್ಲಿ ಏನು ಕೆಲಸ? ಹಾಗಾಗಿ ನಾಮಪದ ಮೂಲ. ಕಂಡೀಷನ್, ಪ್ರೆಶರ್ ಇವೂ ಹಾಗೆಯೇ.

ಇದರ ತದ್ವಿರುದ್ಧ ದಿಕ್ಕಿಗೂ ಗುರುತು ಸಿಗುತ್ತದೆ. ರೀರೈಟ್, ರೀಮೇಕ್, ರೀಥಿಂಕ್ ಇವು ಈಗ ನಾಮಪದಗಳಾಗಿಯೂ ನಡೆಯುತ್ತವೆ. ಆದರೆ ‘ಮತ್ತೆ’ ಎಂಬ ಅರ್ಥದ ‘ರೀ’ ಎಂಬ ಪೂರ್ವಪ್ರತ್ಯಯ ಹತ್ತಿಕೊಳ್ಳುವುದು ಕ್ರಿಯಾಪದಕ್ಕೆ. ರೀರೈಟ್ ಮೊದಲು ಕ್ರಿಯಾಪದವಾಗಿ ಕಟ್ಟಿಕೊಂಡು, ಆಮೇಲೆ ನಾಮಪದವಾಯಿತು. ಈ ಪರೀಕ್ಷೆ ಉತ್ತರ ಕೊಟ್ಟರೆ ಬಹುಪಾಲು ಅಲ್ಲಿಗೇ ನಿಲ್ಲಬಹುದು. ತೊಂದರೆ ಒಂದೇ: ಚಿಕ್ಕ, ಒಡೆಯಲಾಗದ ಪದಗಳಲ್ಲಿ ಇಂಥ ಗುರುತೇ ಇರುವುದಿಲ್ಲ. ನಮಗೆ ಸಂಶಯ ಬರುವುದು ಹೆಚ್ಚಾಗಿ ಅಂಥ ಪದಗಳಲ್ಲೇ.

ಕನ್ನಡದಲ್ಲಿ ಈ ಪರೀಕ್ಷೆ ಒಂದು ಪರೋಕ್ಷ ರೀತಿಯಲ್ಲಿ ಕೆಲಸ ಮಾಡುತ್ತದೆ. ನಾಮಪದದಿಂದ ಕ್ರಿಯಾಪದ ಮಾಡಲು ನಮ್ಮಲ್ಲಿ ‘ಇಸು’ ಸದಾ ಸಿದ್ಧವಾಗಿರುತ್ತದೆ. ಶಾಲೆಯ ವ್ಯಾಕರಣದಲ್ಲಿ ಪ್ರತ್ಯಯಾಂತ ಧಾತು ಎಂದು ಓದಿದ್ದು ಇದನ್ನೇ: ಕನ್ನಡಿಸು, ಚಿತ್ರಿಸು, ಅಬ್ಬರಿಸು. ‘ಇಸು’ ಬೇಡವಾದರೆ ‘ಮಾಡು’ ಸೇರಿಸುತ್ತೇವೆ. ಹೊಸ ನಾಮಪದ ಬಂದರೆ ಅದನ್ನು ಬರಿಗೈಯಲ್ಲಿ ಕ್ರಿಯಾಪದ ಮಾಡುವುದು ತೀರ ವಿರಳ. ಆದ್ದರಿಂದ ‘ಇಸು’ ಇಲ್ಲದ ಕನ್ನಡ ಜೋಡಿ ಕಂಡರೆ, ಮೊದಲ ಊಹೆ ‘ಕ್ರಿಯಾಪದವೇ ಮೂಲ’ ಎಂದಿರಲಿ. ಇದು ಊಹೆ ಮಾತ್ರ, ತೀರ್ಪಲ್ಲ. ಇದಕ್ಕೆ ತಲೆಬಾಗದ ಪದಗಳಿವೆ, ಕೊನೆಯಲ್ಲಿ ಒಂದನ್ನು ನೋಡೋಣ.

ಅರ್ಥದ ಪರೀಕ್ಷೆ: ಯಾವುದನ್ನು ಹೇಳಲು ಯಾವುದು ಬೇಕು?

ಈ ವಿಷಯದಲ್ಲಿ ಹಳೆಯ, ಈಗಲೂ ಎಲ್ಲರೂ ಹಿಂದಿರುಗಿ ನೋಡುವ ಲೇಖನ ಹಾನ್ಸ್ ಮಾರ್ಚಾಂಡ್ 1964ರಲ್ಲಿ ಬರೆದದ್ದು. ಅವರ ಮುಖ್ಯ ಪರೀಕ್ಷೆ ಸರಳ. ಎರಡು ಪದಗಳಿಗೂ ಅರ್ಥ ಬರೆಯಿರಿ. ಯಾವುದರ ಅರ್ಥ ಬರೆಯುವಾಗ ಇನ್ನೊಂದನ್ನು ಕರೆಯಲೇಬೇಕಾಗುತ್ತದೋ ಅದು ಸಾಧಿತ. ಇಂಗ್ಲಿಷ್‌ನ ಸಾ ಎಂಬ ನಾಮಪದ ತೆಗೆದುಕೊಳ್ಳಿ, ಗರಗಸ. ‘ಹಲ್ಲುಗಳಿರುವ ಅಲಗಿನ ಉಪಕರಣ’ ಎಂದರೆ ಸಾಕು, ಕ್ರಿಯಾಪದ ಬೇಡ. ಆದರೆ ಕ್ರಿಯಾಪದಕ್ಕೆ ‘ಗರಗಸದಿಂದ ಕೊಯ್ಯು’ ಎನ್ನದೆ ದಾರಿಯಿಲ್ಲ. ನಾಮಪದ ಮೂಲ.

ಈ ಪರೀಕ್ಷೆಯ ಜೊತೆಗೇ ಬರುವುದು ಬಳಕೆಯ ಹರವು. ಮೂಲ ಪದ ಅಗಲವಾಗಿ ಹರಡಿರುತ್ತದೆ, ಸಾಧಿತ ಪದ ಅದರ ಒಂದು ಮೂಲೆಯನ್ನು ಮಾತ್ರ ಹಿಡಿದಿರುತ್ತದೆ. ಕನ್ನಡದ ಬೆಳೆ ಇದಕ್ಕೆ ಒಳ್ಳೆಯ ಉದಾಹರಣೆ. ಮಗು ಬೆಳೆಯುತ್ತದೆ, ಕೂದಲು ಬೆಳೆಯುತ್ತದೆ, ಸಾಲ ಬೆಳೆಯುತ್ತದೆ. ಆದರೆ ‘ಮಗುವಿನ ಬೆಳೆ’ ಎಂದು ಯಾರೂ ಹೇಳುವುದಿಲ್ಲ, ಅಲ್ಲಿ ಬೆಳವಣಿಗೆ ಬೇಕು. ನಾಮಪದ ಬೆಳೆ ಹೊಲದಲ್ಲಿ ಬೆಳೆದದ್ದಕ್ಕೆ ಮಾತ್ರ. ಅರ್ಥ ಬರೆಯಲು ಹೋದರೂ ಅದೇ: ಬೆಳೆ ಎಂದರೆ ಬೆಳೆದದ್ದು. ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ, ಕ್ರಿಯಾಪದ ಮೂಲ.

ಕೈಗೆ ಸಿಗುವ ಇನ್ನೊಂದು ಸುಳಿವು ಅರ್ಥದ ಮಾದರಿ. ನಾಮಪದವು ‘ಆ ಕೆಲಸ ಒಂದು ಸಲ ಆದದ್ದು’ ಅಥವಾ ‘ಆ ಕೆಲಸದಿಂದ ಬಂದದ್ದು’ ಎಂಬ ಅರ್ಥದಲ್ಲಿದ್ದರೆ (ಒಂದು ಕೂಗು, ಒಂದು ಸುತ್ತು, ಒಂದು ಗುದ್ದು) ಅದು ಕ್ರಿಯಾಪದದಿಂದ ಬಂದಿರುವ ಸಾಧ್ಯತೆ ಹೆಚ್ಚು. ಕ್ರಿಯಾಪದವು ‘ಅದನ್ನು ಬಳಸು’, ‘ಅದನ್ನು ಹಾಕು’, ‘ಅದರಲ್ಲಿಡು’ ಎಂಬ ಅರ್ಥದಲ್ಲಿದ್ದರೆ ನಾಮಪದದಿಂದ ಬಂದಿರುವ ಸಾಧ್ಯತೆ ಹೆಚ್ಚು.

ಅರ್ಥದ ಪರೀಕ್ಷೆ ಎಲ್ಲಿ ಕೈಕೊಡುತ್ತದೆ? ಅರ್ಥ ಬರೆಯುವವರು ನಾವೇ ಆದ್ದರಿಂದ, ನಮಗೆ ಬೇಕಾದ ಉತ್ತರ ಬರುವ ಹಾಗೆ ಬರೆದುಬಿಡಬಹುದು. ನಗು ಎಂದರೆ ‘ನಗುವ ಕೆಲಸ’ ಎನ್ನಬಹುದು. ಹಟಮಾರಿಯೊಬ್ಬರು ‘ಮುಖದಲ್ಲಿ ನಗು ತರುವುದೇ ನಗುವುದು’ ಎಂದೂ ಬರೆಯಬಹುದು. ಇದಕ್ಕೆ ಕಡಿವಾಣ ಹಾಕಲು ವಾಕ್ಯದಲ್ಲಿ ಪರೀಕ್ಷಿಸುವ ಒಂದು ಉಪಾಯವಿದೆ. 1980ರ ದಶಕದಲ್ಲಿ ಪಾಲ್ ಕಿಪಾರ್ಸ್ಕಿ ಇದನ್ನು ಮುಂದಿಟ್ಟರು.

ಇಂಗ್ಲಿಷ್‌ನಲ್ಲಿ ಹ್ಯಾಮರ್ ಮತ್ತು ಟೇಪ್ ಎರಡೂ ಉಪಕರಣದ ಹೆಸರೂ ಹೌದು, ಕ್ರಿಯಾಪದವೂ ಹೌದು. ಮೇಲ್ನೋಟಕ್ಕೆ ಒಂದೇ ಜಾತಿ. ಈಗ ಬೇರೆ ವಸ್ತುವನ್ನು ಕೈಗೆ ಕೊಟ್ಟು ನೋಡಿ. ಮೊಳೆಯನ್ನು ಕಲ್ಲಿನಿಂದ ‘ಹ್ಯಾಮರ್’ ಮಾಡಿದ ಎಂದು ಇಂಗ್ಲಿಷಿನವರು ಹೇಳುತ್ತಾರೆ, ತಕರಾರಿಲ್ಲ. ಆದರೆ ಚಿತ್ರವನ್ನು ಗೋಡೆಗೆ ಪಿನ್ನುಗಳಿಂದ ‘ಟೇಪ್’ ಮಾಡಿದಳು ಎಂದರೆ ಕೇಳಿದವರು ಮುಖ ಸೊಟ್ಟ ಮಾಡುತ್ತಾರೆ. ಅಂದರೆ ಟೇಪ್ ಎಂಬ ಕ್ರಿಯಾಪದದ ಹೊಟ್ಟೆಯಲ್ಲಿ ಟೇಪ್ ಎಂಬ ವಸ್ತು ಇರಲೇಬೇಕು. ಅದು ನಾಮಪದದಿಂದ ಬಂದದ್ದು ಖಚಿತ. ಹ್ಯಾಮರ್ ಹಾಗಲ್ಲ. ಸುತ್ತಿಗೆಯಲ್ಲಿ ಹೊಡೆಯುವ ರೀತಿಯಲ್ಲಿ ಹೊಡೆದರೆ ಸಾಕು, ಸುತ್ತಿಗೆ ಬೇಡ. ಕಿಪಾರ್ಸ್ಕಿ ಇದರಿಂದ, ಹ್ಯಾಮರ್ ಜೋಡಿಯಲ್ಲಿ ಒಂದರಿಂದ ಒಂದು ಹುಟ್ಟಿಲ್ಲ, ಎರಡೂ ಒಂದೇ ಬೇರಿನಿಂದ ಬಂದಿವೆ ಎಂಬ ತೀರ್ಮಾನಕ್ಕೆ ಬಂದರು.

ಟೇಪ್ ಬಗ್ಗೆ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ, ಹ್ಯಾಮರ್ ಬಗ್ಗೆ ಹೇಳಿದ್ದನ್ನು ಅಷ್ಟಾಗಿ ಅಲ್ಲ. ಕಾರಣ ನಮ್ಮ ಕತ್ತರಿಸು. ರೂಪ ನೋಡಿದರೆ ಅದು ಕತ್ತರಿಗೆ ‘ಇಸು’ ಸೇರಿಸಿದ ಪದ, ಪ್ರತ್ಯಯ ಕಣ್ಣೆದುರಿಗಿದೆ. ಆದರೂ ಚಾಕುವಿನಿಂದ ಕತ್ತರಿಸುತ್ತೇವೆ, ಮೆಷಿನ್ನಿನಿಂದ ಕತ್ತರಿಸುತ್ತೇವೆ, ಹಲ್ಲಿನಿಂದಲೂ ಕತ್ತರಿಸುತ್ತೇವೆ. ನಾಮಪದದಿಂದ ಕಟ್ಟಿದ ಕ್ರಿಯಾಪದವೂ ತಾಯಿಬೇರನ್ನು ಬಿಟ್ಟು ದೂರ ಹೋಗಬಹುದು ಎಂದಾಯಿತು. ಹಾಗಾಗಿ ಬೇರೆ ವಸ್ತು ಒಪ್ಪದಿದ್ದರೆ ‘ನಾಮಪದ ಮೂಲ’ ಎಂದು ಧೈರ್ಯವಾಗಿ ಬರೆಯಿರಿ. ಒಪ್ಪಿದರೆ ಏನೂ ಬರೆಯಬೇಡಿ, ಮುಂದಿನ ಪರೀಕ್ಷೆಗೆ ಹೋಗಿ.

ಭೂತಕಾಲದ ರೂಪ: ಒಂದೇ ದಿಕ್ಕಿಗೆ ತೆರೆಯುವ ಬಾಗಿಲು

ಹೊಸದಾಗಿ ಹುಟ್ಟಿದ ಕ್ರಿಯಾಪದ ನಿಯಮಿತ ರೂಪವನ್ನೇ ಪಡೆಯುತ್ತದೆ. ಇಂಗ್ಲಿಷ್‌ನಲ್ಲಿ ಗಂಟೆ ಬಾರಿಸುವ ರಿಂಗ್‌ಗೆ ಭೂತಕಾಲ ರ‍್ಯಾಂಗ್. ಆದರೆ ಉಂಗುರದಂತೆ ಸುತ್ತುವರಿ ಎಂಬ ಅರ್ಥದ ರಿಂಗ್‌ಗೆ ರಿಂಗ್ಡ್. ಎರಡನೆಯದು ನಾಮಪದದಿಂದ ಬಂದ ಕ್ರಿಯಾಪದ, ಅದಕ್ಕೇ ಪಕ್ಕದಲ್ಲಿ ರ‍್ಯಾಂಗ್ ಸಿದ್ಧವಾಗಿದ್ದರೂ ಅದನ್ನು ಮುಟ್ಟಲಿಲ್ಲ.

ಇದರ ಅತ್ಯಂತ ಚೆಂದದ ಉದಾಹರಣೆ ಬೇಸ್‌ಬಾಲ್‌ನದು. ಫ್ಲೈ ಎಂದರೆ ಹಾರು, ಭೂತಕಾಲ ಫ್ಲೂ. ಅದರಿಂದ ಫ್ಲೈ ಎಂಬ ನಾಮಪದ ಬಂತು, ಬ್ಯಾಟಿನಿಂದ ಎತ್ತರಕ್ಕೆ ಹಾರಿದ ಚೆಂಡು. ಆ ನಾಮಪದದಿಂದ ಮತ್ತೊಂದು ಕ್ರಿಯಾಪದ ಬಂತು, ಎತ್ತಿ ಹೊಡೆದು ಕ್ಯಾಚ್ ಕೊಟ್ಟು ಔಟಾಗುವುದು. ಇದರ ಭೂತಕಾಲ ಫ್ಲೂ ಔಟ್ ಅಲ್ಲ, ಫ್ಲೈಡ್ ಔಟ್. ಕ್ರಿಯಾಪದ, ನಾಮಪದ, ಮತ್ತೆ ಕ್ರಿಯಾಪದ: ಮಧ್ಯೆ ನಾಮಪದದ ಬಾಗಿಲು ದಾಟಿದ್ದರಿಂದ ಹಳೆಯ ಅನಿಯಮಿತ ರೂಪ ಹೊರಗೇ ಉಳಿಯಿತು. ಒಂದು ಜೋಡಿಗೆ ಒಂದೇ ಬಾಣ ಇರಬೇಕೆಂಬ ನಂಬಿಕೆಯನ್ನು ಈ ಸಣ್ಣ ಪದ ಮುರಿಯುತ್ತದೆ.

ಕನ್ನಡದಲ್ಲೂ ಇದನ್ನು ಹಾಕಿ ನೋಡಬಹುದು. ನಗು–ನಕ್ಕ, ಅಳು–ಅತ್ತ. ಹೊಸದಾಗಿ ಕಟ್ಟಿದ ಯಾವ ಕ್ರಿಯಾಪದಕ್ಕೂ ಇಂಥ ರೂಪ ಬರುವುದಿಲ್ಲ, ಅವು ‘ಇಸಿದ’ ಎಂದೇ ನಡೆಯುತ್ತವೆ. ನಗು, ಅಳು ಇವು ಬೇರುಮಟ್ಟದಿಂದಲೇ ಕ್ರಿಯಾಪದಗಳು. ನಾಮಪದಗಳು ಅವುಗಳಿಂದ ಬಂದವು.

ಆದರೆ ಹಾಡು–ಹಾಡಿದ, ಕೂಗು–ಕೂಗಿದ ಇವು ನಿಯಮಿತ. ಅಷ್ಟಕ್ಕೇ ಇವು ನಾಮಪದದಿಂದ ಬಂದವು ಎನ್ನಬಹುದೇ? ಖಂಡಿತ ಇಲ್ಲ. ನಿಯಮಿತ ರೂಪ ಎಲ್ಲರಿಗೂ ತೆರೆದ ಬಾಗಿಲು, ಮೂಲ ಕ್ರಿಯಾಪದಗಳೂ ಅದರಲ್ಲೇ ಓಡಾಡುತ್ತವೆ. ಅನಿಯಮಿತವಾದರೆ ಕ್ರಿಯಾಪದ ಮೂಲ ಎನ್ನಲು ಒಳ್ಳೆಯ ಆಧಾರ, ನಿಯಮಿತವಾದರೆ ಪರೀಕ್ಷೆ ಮೌನ. ರಿಂಗ್, ಫ್ಲೈಗಳಲ್ಲಿ ನಿಯಮಿತ ರೂಪಕ್ಕೆ ತೂಕ ಬಂದದ್ದು, ಅದೇ ಧ್ವನಿಯ ಅನಿಯಮಿತ ಕ್ರಿಯಾಪದ ಪಕ್ಕದಲ್ಲೇ ಇದ್ದದ್ದರಿಂದ.

ಅನಿಯಮಿತ ರೂಪವೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಇಂಗ್ಲಿಷ್‌ನ ಸ್ಟ್ರಿಂಗ್ ಎಂಬ ಕ್ರಿಯಾಪದಕ್ಕೆ ಭೂತಕಾಲ ಸ್ಟ್ರಂಗ್. ಪರೀಕ್ಷೆ ‘ಕ್ರಿಯಾಪದ ಮೂಲ’ ಎನ್ನುತ್ತದೆ. ನಿಜಕ್ಕೂ ದಾರ, ತಂತಿ ಎಂಬ ಅರ್ಥದ ನಾಮಪದವೇ ಹಳೆಯದು, ಕ್ರಿಯಾಪದ ಅದರಿಂದ ಬಂತು. ಸ್ವಿಂಗ್, ಕ್ಲಿಂಗ್‌ಗಳ ಧ್ವನಿಸಾಲಿನಲ್ಲಿ ಇದೂ ಸೇರಿಕೊಂಡು ಅವುಗಳ ವೇಷ ಹಾಕಿತು. ಹಾಗಾಗಿ ಅನಿಯಮಿತ ರೂಪ ಕಂಡರೆ, ಅದೇ ಪ್ರಾಸದ ದೊಡ್ಡ ಗುಂಪು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಒತ್ತು ಮತ್ತು ಎಣಿಕೆ, ಚುಟುಕಾಗಿ

ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತಾರೆ ಎಂಬ ಒತ್ತಿನ ಪರೀಕ್ಷೆ ಇಂಗ್ಲಿಷ್‌ನಂಥ ಭಾಷೆಗೆ ಮಾತ್ರ. ಟಾರ್ಮೆಂಟ್ ಕ್ರಿಯಾಪದವಾದಾಗ ಒತ್ತು ಎರಡನೇ ಉಚ್ಚಾರಾಂಶದ ಮೇಲೆ, ನಾಮಪದವಾದಾಗ ಮೊದಲನೆಯದರ ಮೇಲೆ. ಒತ್ತು ಹೀಗೆ ಸರಿದಿದ್ದರೆ ಕ್ರಿಯಾಪದದಿಂದ ನಾಮಪದ ಬಂತು ಎನ್ನುವುದು ರೂಢಿ. ನಾಮಪದದಿಂದ ಬಂದ ಕ್ರಿಯಾಪದ ಒತ್ತನ್ನು ಅಲುಗಿಸುವುದಿಲ್ಲ, ಪ್ಯಾಟರ್ನ್ ಎರಡೂ ಕಡೆ ಮೊದಲ ಭಾಗದ ಮೇಲೇ ಒತ್ತು ಇಟ್ಟುಕೊಳ್ಳುತ್ತದೆ. ಒತ್ತು ಸರಿಯದಿದ್ದರೆ ಮಾತ್ರ ಏನೂ ತಿಳಿಯುವುದಿಲ್ಲ. ಕ್ರಿಯಾಪದದಿಂದ ಬಂದ ನಾಮಪದಗಳಲ್ಲೂ ಎಷ್ಟೋ ಒತ್ತನ್ನು ಇದ್ದಲ್ಲೇ ಬಿಡುತ್ತವೆ. ಕನ್ನಡದಲ್ಲಿ ಒತ್ತಿನಿಂದ ಪದದ ಜಾತಿ ಬದಲಾಗುವುದಿಲ್ಲ, ಇಲ್ಲಿ ಈ ಪರೀಕ್ಷೆಯನ್ನು ಬಿಟ್ಟುಬಿಡಿ.

ಇನ್ನು ಬಳಕೆಯ ಎಣಿಕೆ. ಸಾಧಿತ ಪದ ಮೂಲಕ್ಕಿಂತ ಕಡಿಮೆ ಬಳಕೆಯಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ವಾಟರ್ ನಾಮಪದವಾಗಿ ಹೆಜ್ಜೆಹೆಜ್ಜೆಗೂ ಬರುತ್ತದೆ, ಗಿಡಕ್ಕೆ ನೀರು ಹಾಕು ಎಂಬ ಕ್ರಿಯಾಪದವಾಗಿ ಅಪರೂಪ. ಅಲ್ಲಿ ಸರಿ. ಆದರೆ ಎಣಿಕೆ ನೀವು ಯಾವ ಬರಹ ಎಣಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಕಾನೂನಿನ ಬರಹದಲ್ಲಿ ಒಂದು ಉತ್ತರ, ಮಾತಿನಲ್ಲಿ ಇನ್ನೊಂದು. ಬೇರೆ ಪರೀಕ್ಷೆಗಳ ಉತ್ತರಕ್ಕೆ ಬೆಂಬಲವಾಗಿ ಮಾತ್ರ ಇದನ್ನು ಬಳಸಿ, ಒಂಟಿಯಾಗಿ ಬೇಡ.

ದಾಖಲೆಯ ಕಾಲ: ಬೇರೆಯದೇ ಪ್ರಶ್ನೆಯ ಉತ್ತರ

ಹೊಸಬರು ಮೊದಲು ಓಡುವುದು ಇಲ್ಲಿಗೇ. ದೊಡ್ಡ ನಿಘಂಟು ತೆಗೆದು, ಯಾವ ರೂಪ ಮೊದಲು ದಾಖಲಾಗಿದೆ ನೋಡಿ, ಅದೇ ಮೂಲ ಎಂದುಬಿಡುತ್ತಾರೆ. ಇದರಲ್ಲಿ ಎರಡು ತೊಡಕು. ಮೊದಲ ದಾಖಲೆ ಎಂದರೆ ಮೊದಲ ಬಳಕೆಯಲ್ಲ, ಉಳಿದುಬಂದ ಬರಹದಲ್ಲಿ ಮೊದಲ ಸಲ ಸಿಕ್ಕದ್ದು ಅಷ್ಟೆ. ಎರಡನೆಯದು ಇನ್ನೂ ಮುಖ್ಯ: ಇವತ್ತು ಮಾತಾಡುವವರ ತಲೆಯಲ್ಲಿ ಯಾವುದು ಯಾವುದರ ಮೇಲೆ ನಿಂತಿದೆ ಎಂಬುದು ಒಂದು ಪ್ರಶ್ನೆ, ಐನೂರು ವರ್ಷದ ಹಿಂದೆ ಏನಾಯಿತು ಎಂಬುದು ಇನ್ನೊಂದು.

ಕ್ರೌಡ್ ಪದವನ್ನು ಪೂರ್ತಿ ಬಿಡಿಸಿ ನೋಡೋಣ. ಹಳೆಯ ಇಂಗ್ಲಿಷ್‌ನಲ್ಲಿ ಇದು ‘ಒತ್ತು, ತಳ್ಳು’ ಎಂಬ ಕ್ರಿಯಾಪದ. ಜನಜಂಗುಳಿ ಎಂಬ ನಾಮಪದ ಕಾಣಿಸುವುದು ಬಹಳ ತಡವಾಗಿ, 16ನೇ ಶತಮಾನದಲ್ಲಿ. ದಾಖಲೆಯ ಪರೀಕ್ಷೆ ಅನುಮಾನವಿಲ್ಲದೆ ‘ಕ್ರಿಯಾಪದ ಮೂಲ’ ಎನ್ನುತ್ತದೆ. ಈಗ ಅರ್ಥದ ಪರೀಕ್ಷೆ ಹಾಕಿ. ಜನ ಒಂದು ಕೋಣೆಗೆ ‘ಕ್ರೌಡ್’ ಆದರು ಎಂದರೆ ಏನು? ಗುಂಪುಗುಂಪಾಗಿ ನುಗ್ಗಿದರು. ನಾಮಪದ ಇಲ್ಲದೆ ಇದನ್ನು ಹೇಳಲಾಗದು. ಇಲ್ಲಿ ಉತ್ತರ ‘ನಾಮಪದ ಮೂಲ’. ಭೂತಕಾಲ ಕ್ರೌಡೆಡ್, ನಿಯಮಿತ. ಆ ಪರೀಕ್ಷೆ ಮೌನ. ಒತ್ತಿಗೆ ಕೆಲಸವೇ ಇಲ್ಲ, ಪದದಲ್ಲಿ ಒಂದೇ ಉಚ್ಚಾರಾಂಶ.

ಒಂದು ಕಡೆ ಇತಿಹಾಸ, ಒಂದು ಕಡೆ ಅರ್ಥ. ಇಲ್ಲಿ ಹೆಚ್ಚಿನವರು ಒಂದನ್ನು ಆರಿಸಿ ಮುಗಿಸುತ್ತಾರೆ. ನಾನು ಇನ್ನೊಂದು ಬಳಕೆ ಹುಡುಕುತ್ತೇನೆ. ಇಂಗ್ಲಿಷ್‌ನಲ್ಲಿ ಒಬ್ಬನೇ ವ್ಯಕ್ತಿ ತೀರ ಹತ್ತಿರ ಬಂದು ನಿಂತರೂ ‘ನನ್ನನ್ನು ಕ್ರೌಡ್ ಮಾಡಬೇಡ’ ಎನ್ನುತ್ತಾರೆ. ಅಲ್ಲಿ ಗುಂಪೇ ಇಲ್ಲ! ಇರುವುದು ಒತ್ತುವ, ಮೈಮೇಲೆ ಬೀಳುವ ಅರ್ಥ, ಅಂದರೆ ಹಳೆಯ ಕ್ರಿಯಾಪದಕ್ಕೆ ಹತ್ತಿರದ್ದು. ಹಾಗಾಗಿ ಇವತ್ತಿನ ಕ್ರೌಡ್‌ಗೆ ಎರಡು ಕ್ರಿಯಾಪದಗಳು ಎನ್ನುವುದು ಹೆಚ್ಚು ಸರಿ: ಒತ್ತು ಎಂಬ ಒಂದು, ಅದರಿಂದ ಬಂದ ನಾಮಪದ, ಆ ನಾಮಪದದ ಮೇಲೆ ನಿಂತ ಗುಂಪುಗೂಡು ಎಂಬ ಇನ್ನೊಂದು. ಫ್ಲೈ ಔಟ್‌ನ ಸರಪಳಿಯೇ, ಆದರೆ ಇಲ್ಲಿ ಭೂತಕಾಲದ ರೂಪ ಅದನ್ನು ಬಯಲು ಮಾಡಲಿಲ್ಲ, ಅರ್ಥ ಮಾಡಿತು. ಪರೀಕ್ಷೆಗಳು ಜಗಳವಾಡಿದರೆ ಪದಕ್ಕೆ ಒಂದಕ್ಕಿಂತ ಜಾಸ್ತಿ ಅರ್ಥ ಇದೆಯೇ ಎಂದು ನೋಡಿ, ಪ್ರತಿ ಅರ್ಥವನ್ನೂ ಬೇರೆಯಾಗಿ ಪರೀಕ್ಷಿಸಿ.

ಪದದ ಚರಿತ್ರೆ ಬರೆಯುವವರಿಗೆ ದಾಖಲೆ ಬೇಕೇ ಬೇಕು. ಇವತ್ತಿನ ವ್ಯಾಕರಣ ಬರೆಯುವವರು, ಪಾಠ ಮಾಡುವವರು ಅರ್ಥದಿಂದ ಶುರು ಮಾಡಲಿ.

ಯಾವುದೂ ಕೈಹಿಡಿಯದಾಗ

ಬೆವರು ತೆಗೆದುಕೊಳ್ಳಿ. ‘ಬೆವರು ಒರೆಸಿಕೊಂಡ’, ‘ಹೆದರಿ ಬೆವರಿದ’. ಒಳಗೆ ಯಾವ ಗುರುತೂ ಇಲ್ಲ. ‘ಇಸು’ ಇಲ್ಲ, ಹಾಗಾಗಿ ಮೊದಲ ಊಹೆ ‘ಕ್ರಿಯಾಪದ ಮೂಲ’. ಅರ್ಥ ಅದಕ್ಕೆ ವಿರುದ್ಧ ನಿಲ್ಲುತ್ತದೆ. ಬೆವರು ಎಂದರೆ ಮೈಯಿಂದ ಹೊರಬರುವ ಉಪ್ಪುನೀರು, ಕ್ರಿಯಾಪದ ಬೇಡ. ಬೆವರುವುದು ಎಂದರೆ ಬೆವರು ಬರುವುದು, ನಾಮಪದ ಬೇಕು. ಚಿಗುರು ಕೂಡ ಹೀಗೆಯೇ: ಚಿಗುರುವುದು ಎಂದರೆ ಚಿಗುರು ಬಿಡುವುದು. ಭೂತಕಾಲ ಬೆವರಿದ, ಚಿಗುರಿತು. ನಿಯಮಿತ, ಮೌನ. ಹರವು ನೋಡಿದರೆ, ನಾಮಪದಕ್ಕೆ ದುಡಿಮೆ ಎಂಬ ಅರ್ಥವೂ ಇದೆ (‘ಬೆವರಿನ ಫಲ’). ಕ್ರಿಯಾಪದ ಬೆವರು ಬರುವುದಕ್ಕೇ ನಿಂತಿದೆ. ಇದೂ ನಾಮಪದದ ಕಡೆಗೇ ವಾಲುತ್ತದೆ.

ಇತಿಹಾಸಕ್ಕೆ ಹೋದರೆ ಏನೂ ಸಿಗದು. ತಮಿಳಿನಲ್ಲಿ ಇದರ ಸೋದರ ಪದ ವಿಯರ್, ಅಲ್ಲೂ ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಈ ಜೋಡಿ ಕನ್ನಡ ತಮಿಳುಗಳು ಬೇರೆಯಾಗುವ ಮೊದಲೇ ಇದ್ದಿರಬಹುದು, ಅಷ್ಟು ಹಿಂದಕ್ಕೆ ಯಾವ ಬರಹವೂ ಇಲ್ಲ. ನನ್ನ ಆಯ್ಕೆ ಹೀಗೆ: ಇವತ್ತಿನ ಕನ್ನಡಕ್ಕೆ ಬಾಣ ನಾಮಪದದಿಂದ ಕ್ರಿಯಾಪದಕ್ಕೆ, ಆಧಾರ ಅರ್ಥ ಮತ್ತು ಹರವು. ಇತಿಹಾಸದ ಕಾಲಮ್ಮಿನಲ್ಲಿ ಬಾಣ ಹಾಕದೆ ಖಾಲಿ ಬಿಡುತ್ತೇನೆ.